ಬೋರ್ಡು ಹಾಕದೆ ಏರಿದ ಆರುನೂರು

ಪುತ್ತೂರಿನಲ್ಲಿ ನಾವು ಬಾಡಿಗೆಗೆ ಇದ್ದ ಮನೆಗೆ ಮೆಟ್ಟಿಲು ಇರಲಿಲ್ಲ. ಆ ಒಂದು ಕಾರಣಕ್ಕೇ ಅದನ್ನು ಹಿಡಿದದ್ದು. ನಮ್ಮವರ ಎರಡೂ ಕಿಡ್ನಿ ಕೆಲಸ ನಿಲ್ಲಿಸಿದ ಮೇಲೆ ವಾರಕ್ಕೆ ಮೂರು ದಿನ ಡಯಾಲಿಸಿಸ್ ಮಾಡಿಸಬೇಕಿತ್ತು. ಮೊದಲು ಎರಡು ತಿಂಗಳು ಗುಂಡ್ಯದಿಂದಲೇ ಬಸ್ಸಿನಲ್ಲಿ ಬಂದು ಹೋಗಿ ಮಾಡಿದೆವು. ವಾಪಸು ಹೋಗುವಾಗ ಉಪ್ಪಿನಂಗಡಿ ಮುಟ್ಟುವಷ್ಟರಲ್ಲಿ ಇವರ ತಲೆ ಕಿಟಕಿಗೆ ಬಡಿಯಲು ಸುರುವಾಗುತ್ತಿತ್ತು. ಒಂದು ದಿನ ಬಸ್ಸಿನಿಂದ ಇಳಿಯುವಾಗ ಬಿದ್ದರು. ಮರುವಾರ ನಾನು ಹೊಟೇಲಿಗೆ ಬೀಗ ಹಾಕಿದೆ.

ಹೊಟೇಲು ಅಂದರೆ ದೊಡ್ಡದೇನಲ್ಲ. ಗುಂಡ್ಯದಲ್ಲಿ ಘಾಟಿ ಹತ್ತುವ ಮೊದಲು ಲಾರಿಯವರು ನಿಲ್ಲಿಸುವ ಜಾಗದಲ್ಲಿ ನಾಲ್ಕು ಬೆಂಚು, ಒಂದು ಒಲೆ, ಚಾ, ಬನ್ಸು, ಅವಲಕ್ಕಿ, ಮಧ್ಯಾಹ್ನ ಗಂಜಿ ಊಟ. ಮೂವತ್ತು ವರ್ಷ ಅದನ್ನು ನಡೆಸಿದೆವು. ನಾನು ಕಲಿತದ್ದು ನಾಲ್ಕನೇ ಕ್ಲಾಸು. ಲೆಕ್ಕ, ಮನುಷ್ಯರು, ಎರಡನ್ನೂ ಕಲಿತದ್ದು ಅಲ್ಲಿ.

ಪುತ್ತೂರಿನ ಮನೆ ಆಸ್ಪತ್ರೆಯಿಂದ ರಿಕ್ಷಾದಲ್ಲಿ ಐದು ನಿಮಿಷ. ಒಂದು ಕಟ್ಟಡದಲ್ಲಿ ನಾಲ್ಕು ಮನೆ, ಕೆಳಗೆ ಎರಡು, ಮೇಲೆ ಎರಡು. ಓನರ್ ಗಲ್ಫಿನಲ್ಲಿ ಇದ್ದರು. ನಾವು ಇದ್ದ ಮನೆಯಲ್ಲಿ ಮೊದಲು ಅವರ ತಾಯಿ ಒಬ್ಬರೇ ಇದ್ದರಂತೆ, ಅವರು ತೀರಿಕೊಂಡ ಮೇಲೆ ಬಾಡಿಗೆಗೆ ಕೊಟ್ಟದ್ದು. ಎಗ್ರಿಮೆಂಟಿಗೆ ಸಹಿ ಹಾಕಿದ್ದು, ಕೀ ಕೊಟ್ಟದ್ದು, ನಲ್ಲಿ ಹಾಳಾದರೆ ಪ್ಲಂಬರನ್ನು ಕಳಿಸುತ್ತಿದ್ದದ್ದು ಎಲ್ಲ ಓನರಿನ ಭಾವ, ಅಂದರೆ ಅವರ ತಂಗಿಯ ಗಂಡ. ಓನರಿನ ಮುಖ ನಾವು ನೋಡಿರಲಿಲ್ಲ. ಬಾಡಿಗೆ ತಿಂಗಳ ಐದನೇ ತಾರೀಕಿನೊಳಗೆ ಓನರಿನ ಖಾತೆಗೆ ಹೋಗುತ್ತಿತ್ತು. ನನ್ನ ಮಗಳ ಮಗಳು ನಮ್ಮ ಜೊತೆ ಇದ್ದು ಪುತ್ತೂರಿನಲ್ಲಿ ಕಾಲೇಜಿಗೆ ಹೋಗುತ್ತಿದ್ದಳು. ಬಾಡಿಗೆ ಹಾಕುವುದು ಅವಳ ಕೆಲಸ, ಫೋನಿನಲ್ಲಿ.

ಆ ಮನೆಯ ಹಿಂದಿನ ಬಾಗಿಲ ಪಕ್ಕದಲ್ಲಿ ನೀರಿನ ಮೋಟರಿನ ಸ್ವಿಚ್ಚು ಇತ್ತು. ನಾಲ್ಕು ಮನೆಗೂ ಒಂದೇ ಬಾವಿ, ಒಂದೇ ಟಾಂಕಿ. ನಾವು ಬಂದ ಮೊದಲ ವಾರವೇ ಟಾಂಕಿ ಖಾಲಿಯಾಗಿ ಮೇಲಿನವರು ಬಂದು ಬಾಗಿಲು ತಟ್ಟಿದರು. ಮರುದಿನದಿಂದ ನಾನೇ ಬೆಳಿಗ್ಗೆ ಆರಕ್ಕೆ ಮೋಟರು ಹಾಕಿದೆ. ಟಾಂಕಿ ತುಂಬಿ ಹೆಚ್ಚಾದ ನೀರು ಸಜ್ಜದ ಮೇಲೆ ಬೀಳುವ ಶಬ್ದ ಬಂದ ಕೂಡಲೇ ಬಂದ್ ಮಾಡುವುದು. ಅಂಗಳದಲ್ಲಿ ಒಂದು ಬಾದಾಮಿ ಮರ ಇತ್ತು, ದಿನಾ ಬುಟ್ಟಿಗಟ್ಟಲೆ ಎಲೆ. ಗುಡಿಸಿದೆ. ಮೇಲಿನವರ ಚಪ್ಪಲಿಯ ಮಣ್ಣು ಮೆಟ್ಟಿಲಿನಿಂದ ಇಳಿದು ನಮ್ಮ ಬಾಗಿಲಿಗೇ ಬರುತ್ತಿತ್ತು. ಮೆಟ್ಟಿಲನ್ನೂ ಗುಡಿಸಿದೆ. ಯಾರೂ ಮಾಡು ಅಂತ ಹೇಳಲಿಲ್ಲ. ನಾನೂ ಮಾಡಲಾ ಅಂತ ಕೇಳಲಿಲ್ಲ. ಮೂವತ್ತು ವರ್ಷ ಬೆಳಿಗ್ಗೆ ಐದಕ್ಕೆ ಎದ್ದು ಹೊಟೇಲಿನ ಎದುರು ಗುಡಿಸಿದವಳಿಗೆ ಗುಡಿಸದೆ ಕೂತರೆ ಕೈ ಎಲ್ಲಿ ಇಡುವುದು ಅಂತ ಗೊತ್ತಾಗುವುದಿಲ್ಲ.

ಒಂದು ದಿನ ಮೇಲಿನ ಮನೆಯ ಟೀಚರಮ್ಮ ಇಳಿಯುತ್ತಾ ಹೇಳಿದರು. "ಅಮ್ಮ, ಮೆಟ್ಟಿಲಿನ ಮೂಲೆಯಲ್ಲಿ ಕಸ ಹಾಗೇ ಉಂಟು ನೋಡಿ."

"ಪೊರಕೆ ಅಲ್ಲೇ ಉಂಟಲ್ಲ ಟೀಚರೇ, ನಿಮ್ಮ ಕೈಗೂ ಸಿಗ್ತದೆ" ಅಂದೆ.

ಅವರು ನನ್ನ ಮುಖ ನೋಡಿ ಹೋದರು. ದೊಡ್ಡಸ್ತಿಕೆಯ ಹೆಂಗಸು ಅಂದುಕೊಂಡೆ. ಅವರು ಯಾಕೆ ಹಾಗೆ ಹೇಳಿದರು ಅಂತ ಗೊತ್ತಾಗಲು ಮತ್ತೆ ಮೂರು ತಿಂಗಳು ಬೇಕಾಯಿತು.

ನಾವು ಬಂದು ಒಂಬತ್ತು ತಿಂಗಳು ಆಗುವಾಗ, ತಿಂಗಳ ಒಂದನೇ ತಾರೀಕು ಮೊಮ್ಮಗಳ ಫೋನಿಗೆ ಭಾವನ ಮೆಸೇಜು ಬಂತು. 'ಈ ತಿಂಗಳಿನಿಂದ ಬಾಡಿಗೆ ಜೊತೆ ಮೇಂಟೆನೆನ್ಸ್ 600 ಸೇರಿಸಿ ಹಾಕಿ.' ಅಷ್ಟೇ.

"ಇದು ಎಂತದಕ್ಕೆ?" ಅಂತ ಕೇಳಿದೆ.

"ಮೇಂಟೆನೆನ್ಸ್ ಅಂದ್ರೆ ಕಟ್ಟಡ ನೋಡಿಕೊಳ್ಳುದಕ್ಕೆ ಅಜ್ಜಿ."

"ಯಾರು ನೋಡಿಕೊಳ್ಳುದು?"

ಅವಳ ಕೈಯಲ್ಲೇ ಕಪಾಟಿನಿಂದ ಎಗ್ರಿಮೆಂಟ್ ತೆಗೆಸಿ ಓದಿಸಿದೆ. ಹನ್ನೊಂದು ತಿಂಗಳ ಎಗ್ರಿಮೆಂಟು. ಬಾಡಿಗೆ ಇಷ್ಟು, ನೀರು ಅದರಲ್ಲೇ ಸೇರಿದೆ, ಕರೆಂಟು ನಮ್ಮ ಮೀಟರಿನ ಪ್ರಕಾರ ನಾವು ಕಟ್ಟುವುದು, ಎಡ್ವಾನ್ಸ್ ಇಷ್ಟು. ಮೇಂಟೆನೆನ್ಸ್ ಅಂತ ಎಲ್ಲಿಯೂ ಇರಲಿಲ್ಲ. ಎರಡು ಸಲ ಓದಿಸಿದೆ. ಇರಲಿಲ್ಲ.

ಇವರು ಮಂಚದ ಮೇಲೆ ಒರಗಿ ಕೇಳುತ್ತಿದ್ದರು. ಆ ದಿನ ಡಯಾಲಿಸಿಸ್ ಆಗಿ ಬಂದದ್ದು. ಆ ದಿನಗಳಲ್ಲಿ ಅವರ ಧ್ವನಿ ಬಾವಿಯೊಳಗಿಂದ ಬಂದ ಹಾಗೆ ಇರುತ್ತಿತ್ತು.

"ಕಟ್ಟಿಬಿಡು" ಅಂದರು.

"ಎಂತಕ್ಕೆ ಅಂತ ಗೊತ್ತಾಗದೆ?"

"ಎಗ್ರಿಮೆಂಟು ಮುಗಿಲಿಕ್ಕೆ ಇನ್ನು ಎರಡು ತಿಂಗಳು ಉಂಟು. ಈಗ ಅವರ ಬಾಯಿಗೆ ಬೀಳುದು ಬೇಡ. ಮೆಟ್ಟಿಲು ಹತ್ತಲಿಕ್ಕೆ ಇಲ್ಲದ ಮನೆ ಇನ್ನೊಂದು ಎಲ್ಲಿ ಹುಡುಕ್ತಿ?"

ಅವರು ಹೇಳಿದ್ದು ಸರಿಯೇ. ಆ ಮನೆ ಹುಡುಕಲು ಒಂದೂವರೆ ತಿಂಗಳು ಪುತ್ತೂರಿನ ಗಲ್ಲಿ ಗಲ್ಲಿ ತಿರುಗಿದ್ದೆ. ಕೆಳಗಿನ ಮನೆಗಳು ಅಂಗಡಿಯವರ ಗೋದಾಮಾಗಿ ಹೋಗಿರುತ್ತವೆ. ಖಾಲಿ ಇದ್ದದ್ದಕ್ಕೆ ಹೋದರೆ, ರೋಗಿ ಉಂಟು ಅಂದ ಕೂಡಲೇ "ಮತ್ತೆ ಹೇಳ್ತೇವೆ" ಅನ್ನುತ್ತಿದ್ದರು. ಆ ಮನೆ ತಪ್ಪಿದರೆ ಇವರನ್ನು ವಾರಕ್ಕೆ ಮೂರು ದಿನ ಎಲ್ಲಿಂದ, ಹೇಗೆ ಕರೆದುಕೊಂಡು ಹೋಗುವುದು?

ಆದರೂ ಬಾಯಿ ಸುಮ್ಮನಿರಲಿಲ್ಲ. "ಬೋರ್ಡು ಯಾರು ಹಾಕಿದ್ದು?" ಅಂದೆ.

ಅವರು ಕಣ್ಣು ಮುಚ್ಚಿದರು. ಬೋರ್ಡಿನ ಮಾತು ನಮ್ಮಿಬ್ಬರಿಗೆ ಮಾತ್ರ ಗೊತ್ತಿದ್ದದ್ದು. ಹೊಟೇಲಿನಲ್ಲಿ ಚಾಕ್ಕೆ ಒಂದು ರೂಪಾಯಿ ಹೆಚ್ಚು ಮಾಡಬೇಕಾದರೆ ಇವರು ಎಂಟು ದಿನ ಮೊದಲು ಕಪ್ಪು ಹಲಗೆಯಲ್ಲಿ ಸೀಮೆಸುಣ್ಣದಿಂದ ಬರೆದು ಕಂಬಕ್ಕೆ ಕಟ್ಟುತ್ತಿದ್ದರು. ಬರುವ ಸೋಮವಾರದಿಂದ ಚಾ ಇಷ್ಟು ಅಂತ. ಎಂಟು ದಿನ ಯಾಕೆ ಅಂದರೆ ನಮ್ಮ ಲಾರಿಯವರು ವಾರಕ್ಕೊಮ್ಮೆ ಆ ದಾರಿಯಲ್ಲಿ ಬರುವವರು. ಎಲ್ಲರೂ ಒಂದು ಸಲ ಹಳೆಯ ರೇಟಿನಲ್ಲಿ ಕುಡಿದು ಬೋರ್ಡು ಓದಿಕೊಂಡು ಹೋಗಬೇಕು. ಒಂದು ಸಲ ಅವರು ಊರಲ್ಲಿ ಇಲ್ಲದಾಗ ನಾನು ಬೋರ್ಡು ಹಾಕದೆ ಬನ್ಸಿಗೆ ಎರಡು ರೂಪಾಯಿ ಹೆಚ್ಚು ಮಾಡಿದೆ. ಹಾಸನ ಕಡೆಯ ಡ್ರೈವರೊಬ್ಬ ಅರ್ಧ ತಿಂದ ಬನ್ಸನ್ನು ತಟ್ಟೆಯಲ್ಲಿ ಇಟ್ಟು, ಪೂರ್ತಿ ಹಣ ಕೊಟ್ಟು ಎದ್ದು ಹೋದ. ಮುಂದಿನ ವಾರ ಅವನ ಲಾರಿ ಬರುವಾಗ ಇವರು ರಸ್ತೆಗೆ ಇಳಿದು ಕೈ ಅಡ್ಡ ಹಾಕಿ ನಿಲ್ಲಿಸಿ, ಆ ಎರಡು ರೂಪಾಯಿ ಅವನ ಕೈಯಲ್ಲಿಟ್ಟು ಬಂದರು. ನನಗೆ ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹಾಗೆ ಮಾಡಿದ ಮನುಷ್ಯ ಈಗ ಕಟ್ಟಿಬಿಡು ಅನ್ನುತ್ತಾರೆ. ಅದು ಅವರ ಮಾತಲ್ಲ, ಕಾಯಿಲೆಯ ಮಾತು ಅಂತ ನನಗೆ ಅನಿಸಿತು. ಸಿಟ್ಟು ಬಂದದ್ದು ಆರುನೂರರ ಮೇಲಲ್ಲ.

ಮೊಮ್ಮಗಳು ಹೇಳಿದಳು. "ಅಜ್ಜಿ, ಎಗ್ರಿಮೆಂಟಿನಲ್ಲಿ ಓನರಿನ ಈಮೇಲ್ ಉಂಟು. ಭಾವನಿಗೆ ಫೋನ್ ಮಾಡಿದ್ರೆ ಬಾಯಿಮಾತಿನಲ್ಲಿ ಎಂತದೋ ಹೇಳಿ ಮುಗಿಸ್ತಾರೆ. ಮೇಲ್ ಮಾಡಿದ್ರೆ ಬರಹದಲ್ಲಿ ಇರ್ತದೆ. ಉತ್ತರವೂ ಬರಹದಲ್ಲಿ ಬರ್ತದೆ."

"ಹಾಗಾದ್ರೆ ಬರಿ."

ಅವಳು ಇಂಗ್ಲಿಷಿನಲ್ಲಿ ಸುರು ಮಾಡಿದಳು. ಎಂತ ಬರೆದೆ ಅಂತ ಕೇಳಿದರೆ "ನೀವು ಕ್ಷೇಮವಾಗಿದ್ದೀರಿ ಅಂತ ನಂಬಿದ್ದೇವೆ" ಅಂದಳು.

"ಅವರ ಕ್ಷೇಮ ನಾವು ಕೇಳಿದ್ದಾ? ಕನ್ನಡದಲ್ಲಿ ಬರಿ. ಅವರೂ ಪುತ್ತೂರಿನವರೇ, ಓದ್ತಾರೆ."

"ಅಜ್ಜಿ, ಸ್ವಲ್ಪ ಮರ್ಯಾದೆ ಬೇಡವಾ?"

"ಮರ್ಯಾದೆ ಇರ್ಲಿ. ಎಣ್ಣೆ ಹಚ್ಚುದು ಬೇಡ."

ನಾನು ಹೇಳಿದೆ, ಅವಳು ಬರೆದಳು. ನಾನು "ಇದು ಎಂತ ಹೊಸ ವರಸೆ" ಅಂತ ಹೇಳಿದ್ದನ್ನು ಅವಳು ಬಿಟ್ಟಳು. ನಾನು ಹಟ ಮಾಡಲಿಲ್ಲ. ಕೊನೆಗೆ ಆದದ್ದು ಹೀಗೆ.

'ವಿಷಯ: ಬಾಡಿಗೆಗೆ ಸೇರಿಸಿದ ಮೇಂಟೆನೆನ್ಸ್ ಬಗ್ಗೆ.

ಮಾನ್ಯರೇ, ನಾವು ನಿಮ್ಮ ಕಟ್ಟಡದ ಕೆಳಗಿನ ಮನೆಯಲ್ಲಿ, ಮೋಟರಿನ ಬದಿಯ ಮನೆಯಲ್ಲಿ ಇರುವವರು. ಈ ತಿಂಗಳಿನಿಂದ ಆರುನೂರು ರೂಪಾಯಿ ಮೇಂಟೆನೆನ್ಸ್ ಸೇರಿಸಿ ಕೊಡಬೇಕೆಂದು ನಿಮ್ಮ ಭಾವ ಒಂದನೇ ತಾರೀಕು ತಿಳಿಸಿದ್ದಾರೆ. ಮೊದಲು ಯಾರೂ ಹೇಳಿರಲಿಲ್ಲ. ಎಗ್ರಿಮೆಂಟಿನಲ್ಲಿ ಇದರ ಮಾತು ಇಲ್ಲ. ಆ ಪುಟದ ಫೋಟೋ ಇದರ ಜೊತೆ ಕಳಿಸಿದ್ದೇವೆ. ಈ ಹಣ ಯಾವ ಕೆಲಸಕ್ಕೆ, ನಾಲ್ಕು ಮನೆಗೂ ಉಂಟೋ, ಎಗ್ರಿಮೆಂಟು ಮುಗಿಯುವ ಮೊದಲೇ ಯಾಕೆ ಎಂದು ದಯವಿಟ್ಟು ಬರೆದು ತಿಳಿಸಿ. ಈ ತಿಂಗಳ ಬಾಡಿಗೆಯನ್ನು ಎಗ್ರಿಮೆಂಟಿನಲ್ಲಿ ಇದ್ದ ಹಾಗೆ ಇವತ್ತೇ ಹಾಕಿದ್ದೇವೆ. ನಿಮ್ಮ ಉತ್ತರ ನೋಡಿ ಉಳಿದ ಮಾತು. ನ್ಯಾಯವಾದದ್ದನ್ನು ಕೊಡುವುದಿಲ್ಲ ಎಂದು ನಾವು ಹೇಳುವುದಿಲ್ಲ.'

"ಭಾವನಿಗೂ ಒಂದು ಪ್ರತಿ ಹಾಕಲಾ?" ಅಂತ ಕೇಳಿದಳು.

"ಹಾಕು. ಅವರ ಬೆನ್ನ ಹಿಂದೆ ಎಂತಕ್ಕೆ?"

ಮರುದಿನ ಬೆಳಿಗ್ಗೆ ನಾನು ಎಲೆ ಗುಡಿಸುತ್ತಿರುವಾಗಲೇ ಭಾವನ ಸ್ಕೂಟರು ಗೇಟಿನ ಒಳಗೆ ಬಂತು. ಸ್ಟ್ಯಾಂಡು ಹಾಕುವ ಮೊದಲೇ ಮಾತು ಸುರು.

"ಎಂತ ಅಮ್ಮ ಇದು? ಆರುನೂರು ರೂಪಾಯಿಗೆ ಗಲ್ಫಿಗೆ ಮೇಲ್ ಮಾಡುದಾ? ಇನ್ನು ಬಲ್ಬ್ ಹೋದ್ರೆ ಡೆಲ್ಲಿಗೆ ಬರೀತೀರಾ?"

"ಬಲ್ಬ್ ಹೋದ್ರೆ ನಾನೇ ತರ್ತೇನೆ. ಇದು ಎಂತಕ್ಕೆ ಅಂತ ಗೊತ್ತಾಗ್ಲಿಲ್ಲ, ಕೇಳಿದೆ."

"ಬೇರೆ ಮೂರು ಮನೆಯವರು ಮಾತಾಡದೆ ಹಾಕಿದ್ದಾರೆ."

"ಅವರಿಗೆ ಗೊತ್ತಿರ್ಬಹುದು. ನನಗೂ ಹೇಳಿ."

ಅವರು ಹೆಲ್ಮೆಟ್ ತೆಗೆದು ಸ್ಕೂಟರಿನ ಮೇಲೆ ಇಟ್ಟರು, ಮತ್ತೆ ಕೈಗೆ ತೆಗೆದುಕೊಂಡರು. "ನೋಡಿ ಅಮ್ಮ, ಕಟ್ಟಡ ಅಂದ ಮೇಲೆ ಸಾವಿರ ಖರ್ಚು ಇರ್ತದೆ. ನಿಮ್ಮ ಎಗ್ರಿಮೆಂಟು ಇನ್ನೆರಡು ತಿಂಗಳು. ಮತ್ತೆ ಮಾಡಿಸುದು ನಾನೇ. ಅದು ನೆನಪಿರ್ಲಿ."

ಹೇಳಿ ಹೋದರು. ಒಳಗೆ ಇವರಿಗೆ ಎಲ್ಲ ಕೇಳಿತ್ತು. ಮಧ್ಯಾಹ್ನ ಊಟಕ್ಕೆ ಕೂತು, ಎರಡು ತುತ್ತು ತಿಂದು ಕೈ ತೊಳೆದರು. ಅವರಿಗೆ ನೀರು ಕುಡಿಯಲೂ ಲೆಕ್ಕ ಇತ್ತು, ದಿನಕ್ಕೆ ಒಂದು ಸಣ್ಣ ಬಾಟಲಿ. ಆ ದಿನ ಅದರಲ್ಲೂ ಅರ್ಧ ಉಳಿಸಿದರು. ನಾನು ತಪ್ಪು ಮಾಡಿದೆನೋ ಅಂತ ಮೊದಲ ಸಲ ಅನಿಸಿದ್ದು ಆಗ.

ನಾಲ್ಕು ದಿನ ಉತ್ತರ ಬರಲಿಲ್ಲ. ಐದನೇ ದಿನ ಮೊಮ್ಮಗಳು ಕಾಲೇಜಿನಿಂದ ಬಂದವಳು ಚಪ್ಪಲಿ ಕಳಚದೆ ಒಳಗೆ ಬಂದಳು. ಓನರು ಕನ್ನಡದಲ್ಲೇ ಬರೆದಿದ್ದರು. ಅವಳು ನಿಧಾನವಾಗಿ ಓದಿದಳು.

ಮೊದಲೇ ತಿಳಿಸದೆ ಸೇರಿಸಿದ್ದು ಸರಿಯಲ್ಲ, ಭಾವ ಎಲ್ಲರಿಗೂ ಹೇಳಿದ್ದಾರೆ ಎಂದುಕೊಂಡಿದ್ದೆ ಎಂದು ಬರೆದಿದ್ದರು. ತಾಯಿ ಇರುವಾಗ ಮೋಟರು, ಅಂಗಳ, ಮೆಟ್ಟಿಲು ಎಲ್ಲ ತಾಯಿಯೇ ನೋಡಿಕೊಳ್ಳುತ್ತಿದ್ದರಂತೆ. ಅವರು ಹೋದ ಮೇಲೆ ಆ ಕೆಲಸಕ್ಕೆ ಒಬ್ಬ ಹೆಂಗಸನ್ನು ಇಟ್ಟಿದ್ದಾರೆ ಎಂದು ಭಾವ ಹೇಳಿದ್ದರಂತೆ. ತಿಂಗಳಿಗೆ ಎರಡು ಸಾವಿರದ ನಾನೂರು ಸಂಬಳ, ಎಂಟು ತಿಂಗಳು ಓನರೇ ತನ್ನ ಕೈಯಿಂದ ಭಾವನಿಗೆ ಕಳಿಸಿದ್ದರಂತೆ. ಈಗ ಭಾವನ ಸಲಹೆಯ ಹಾಗೆ ಅದನ್ನು ನಾಲ್ಕು ಮನೆಗೆ ಹಂಚಿದ್ದು, ಒಂದು ಮನೆಗೆ ಆರುನೂರು. ಕೊನೆಯಲ್ಲಿ ಹೀಗಿತ್ತು. 'ನೀವು ಮೋಟರಿನ ಬದಿಯಲ್ಲಿಯೇ ಇರುವವರು. ಆ ಹೆಂಗಸು ದಿನಾ ಸರಿಯಾಗಿ ಬರುತ್ತಾಳೋ, ಸಂಬಳ ಅವಳ ಕೈಗೆ ಮುಟ್ಟುತ್ತದೆಯೋ ಎಂದು ತಿಳಿಸಿದರೆ ಉಪಕಾರ.'

ಮೊಮ್ಮಗಳು ಓದಿ ಮುಗಿಸಿ ನನ್ನನ್ನು ನೋಡಿದಳು. "ಅಜ್ಜಿ, ಯಾವ ಹೆಂಗಸು?"

ನಾನು ನನ್ನ ಕೈ ನೋಡಿಕೊಂಡೆ. ಮಂಚದಿಂದ ಇವರು ನಕ್ಕರು. ಆ ವರ್ಷ ಅವರು ನಕ್ಕದ್ದು ಕಡಿಮೆ. "ನೀನೇ ಮಾರಾಯ್ತಿ. ನಿನ್ನ ಸಂಬಳಕ್ಕೆ ನಿನ್ನಿಂದಲೇ ಆರುನೂರು ಕೇಳಿದ್ದು."

ಟೀಚರಮ್ಮ ಮೆಟ್ಟಿಲ ಮೂಲೆ ತೋರಿಸಿದ್ದು ಆಗ ಅರ್ಥವಾಯಿತು. ಅವರಿಗೂ ಭಾವ ಹೇಳಿಬಿಟ್ಟಿರಬೇಕು, ಕೆಳಗಿನ ಮನೆಯ ಅಮ್ಮನಿಗೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದೇವೆ ಅಂತ.

ಮೊಮ್ಮಗಳಿಗೆ ಆಗಿಂದಾಗಲೇ ಉತ್ತರ ಬರೆಯುವ ಆತುರ. ನಾನು ತಡೆದೆ. ನಾಳೆ ಆಸ್ಪತ್ರೆ ಉಂಟು, ಅದು ಮುಗಿಯಲಿ ಅಂದೆ. ನಿಜ ಹೇಳುವುದಾದರೆ ಭಾವ ಬಂದೇ ಬರುತ್ತಾರೆ ಅಂತ ನನಗೆ ಗೊತ್ತಿತ್ತು. ಓನರಿನ ಉತ್ತರದ ಪ್ರತಿ ಅವರಿಗೂ ಹೋಗಿತ್ತು.

ಬಂದರು. ಮರುದಿನ ಬೆಳಿಗ್ಗೆ ಆಸ್ಪತ್ರೆಗೇ ಬಂದರು. ಡಯಾಲಿಸಿಸ್ ಅಂದರೆ ನಾಲ್ಕು ಗಂಟೆ. ಇವರು ಒಳಗೆ ಮೆಷಿನಿನ ಬದಿ ಮಲಗಿರುವಾಗ ನಾನು ಹೊರಗೆ ಬೆಂಚಿನಲ್ಲಿ ಕೂರುತ್ತಿದ್ದೆ. ಭಾವ ಬಂದು ನನ್ನಿಂದ ಒಂದು ಕೈ ದೂರದಲ್ಲಿ ಕೂತರು. ಆ ದಿನ ಧ್ವನಿ ಬೇರೆಯೇ ಇತ್ತು.

"ಹೇಗಿದ್ದಾರೆ ಅಮ್ಮ?"

"ಮೊನ್ನೆಯ ಹಾಗೇ."

ಆಮೇಲೆ ಹೇಳಿದರು. "ನಾನು ಒಬ್ಬಳನ್ನು ಇಡ್ಬೇಕು ಅಂತಲೇ ಇದ್ದದ್ದು. ಬಂದು ನೋಡಿದ್ರೆ ಅಂಗಳ ಕ್ಲೀನ್, ಟಾಂಕಿ ಫುಲ್. ಮತ್ತೆ ನೋಡುವ ಅಂತ ಬಿಟ್ಟೆ. ತಿಂಗಳು ತಿಂಗಳು ಹಾಗೇ ಹೋಯ್ತು. ಹಣ ಮನೆಗೆ ಖರ್ಚಾಯ್ತು."

"ಸರಿ."

"ನಿಮ್ಮದು ನಿಮಗೆ ಕೊಟ್ಟುಬಿಡ್ತೇನೆ. ಎರಡು ತಿಂಗಳೊಳಗೆ. ನೀವು ಒಂದು ಮಾತು ಬರೀರಿ ಸಾಕು. ಹೆಂಗಸು ಬರ್ತಾಳೆ, ಸಂಬಳ ಮುಟ್ಟಿದೆ ಅಂತ. ಎಗ್ರಿಮೆಂಟು ನಾನೇ ಮಾಡಿಸ್ತೇನೆ, ಬಾಡಿಗೆ ಒಂದು ರೂಪಾಯಿ ಹೆಚ್ಚು ಮಾಡುದಿಲ್ಲ. ಇವರು ಇರುವಷ್ಟು ದಿನ ನಿಮ್ಮನ್ನು ಯಾರೂ ಏಳಿಸುದಿಲ್ಲ ಅಲ್ಲಿಂದ."

ಇವರು ಇರುವಷ್ಟು ದಿನ. ಆ ಮಾತನ್ನು ಯಾರೂ ಅದುವರೆಗೆ ನನ್ನ ಎದುರು ಹೇಳಿರಲಿಲ್ಲ. ಡಾಕ್ಟರೂ ಹೇಳಿರಲಿಲ್ಲ.

"ಬರೀದಿದ್ರೆ?" ಅಂತ ಕೇಳಿದೆ.

"ಬರೀದಿದ್ರೆ ನನ್ನ ಹೆಂಡತಿಗೂ ಅವಳ ಅಣ್ಣನಿಗೂ ಮಾತು ನಿಲ್ತದೆ" ಅಂದರು. ಹೆದರಿಸಲು ಹೇಳಿದ್ದಲ್ಲ ಅದು. ಅವರ ಕಣ್ಣಲ್ಲಿ ನೀರಿತ್ತು. ನನಗೆ ಅದನ್ನು ನೋಡಿ ಕರುಣೆ ಬರಲಿಲ್ಲ, ಬಂತು ಅಂತ ಬರೆದರೆ ಸುಳ್ಳಾಗುತ್ತದೆ. ಆದರೆ ಅವರು ಹೇಳಿದ್ದು ನಿಜ ಅಂತ ಗೊತ್ತಾಯಿತು.

ಅವರು ಹೋದ ಮೇಲೆ ಇನ್ನೂ ಎರಡು ಗಂಟೆ ಆ ಬೆಂಚಿನಲ್ಲಿ ಕೂತೆ. ಒಂದು ಮಾತು ಬರೆದರೆ ಮನೆ ಉಳಿಯುತ್ತದೆ. ಸುಳ್ಳು ನನಗೆ ಹೊಸದಲ್ಲ. ಹೊಟೇಲಿನಲ್ಲಿ ನಿನ್ನೆಯ ಚಟ್ನಿಯನ್ನು ಇವತ್ತಿನದು ಅಂತ ಹೇಳಿದವಳು ನಾನು. ಆದರೆ ಇದು ಬರಹದಲ್ಲಿ ಇರುವಂಥದ್ದು. ಉತ್ತರ ಬರಹದಲ್ಲಿ ಬೇಕು ಅಂತ ಕೇಳಿದವಳೂ ನಾನೇ. ನನಗೆ ನಿಜವನ್ನು ಬರೆದು ಕೊಡಿ ಅಂತ ಕೇಳಿ, ಅವರು ಬರೆದು ಕೊಟ್ಟ ಮೇಲೆ, ನಾನು ತಿರುಗಿ ಸುಳ್ಳು ಬರೆಯುವುದು ಹೇಗೆ? ಅದು ಸಾಧ್ಯವೇ ಇಲ್ಲ ಅಂತಲ್ಲ. ಎರಡು ಮೂರು ಸಲ ಮನಸ್ಸಿನಲ್ಲಿ ಬರೆದೂ ಬಿಟ್ಟಿದ್ದೆ.

ಒಳಗಿನಿಂದ ಸಿಸ್ಟರ್ ಕರೆದರು. ಇವರ ಕೈಗೆ ಬ್ಯಾಂಡೇಜು ಕಟ್ಟಿ ಕೂರಿಸಿದ್ದರು. ಭಾವ ಬಂದು ಹೇಳಿದ್ದನ್ನೆಲ್ಲ ರಿಕ್ಷಾದಲ್ಲಿ ಹೇಳಿದೆ. ರಿಕ್ಷಾ ಮನೆಯ ಗೇಟಿಗೆ ಬಂತು. ಅವರು ಇಳಿಯುವಾಗ ನನ್ನ ಹೆಗಲು ಹಿಡಿದುಕೊಂಡು ಹೇಳಿದರು.

"ಇದ್ದದ್ದನ್ನು ಬರಿ. ಮನೆ ಹೋದ್ರೆ ಹೋಗ್ಲಿ. ನಾನು ಬಸ್ಸಿನಲ್ಲಿ ಬರ್ತೇನೆ."

ಬಸ್ಸಿನಲ್ಲಿ ಬರಲು ಅವರಿಂದ ಆಗುವುದಿಲ್ಲ ಅಂತ ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ನಾನು ಆಗಲಿ ಅಂದೆ.

ಸಂಜೆ ಮೊಮ್ಮಗಳನ್ನು ಕೂರಿಸಿ ಬರೆಸಿದೆ. ಈ ಸಲ ಅವಳು ಒಂದು ಅಕ್ಷರವನ್ನೂ ತಿದ್ದಲಿಲ್ಲ.

'ನೀವು ಕೇಳಿದ ಹೆಂಗಸು ನಾನು. ಬಂದ ಮೊದಲ ವಾರದಿಂದ ಮೋಟರು ಹಾಕುವುದು, ಅಂಗಳ ಮತ್ತು ಮೆಟ್ಟಿಲು ಗುಡಿಸುವುದು ನಾನೇ. ನನ್ನನ್ನು ಯಾರೂ ಕೆಲಸಕ್ಕೆ ಇಟ್ಟದ್ದಲ್ಲ. ಸಂಬಳ ಯಾರೂ ಕೊಟ್ಟಿಲ್ಲ, ನಾನು ಕೇಳಿಯೂ ಇಲ್ಲ. ಕಳೆದ ತಿಂಗಳುಗಳದ್ದು ನನಗೆ ಬೇಡ. ಅದು ನಿಮ್ಮ ಮತ್ತು ನಿಮ್ಮ ಭಾವನ ನಡುವಿನ ವಿಷಯ. ಇನ್ನು ಮುಂದೆ ಈ ಕೆಲಸಕ್ಕೆ ಸಂಬಳ ಉಂಟಾದರೆ ನನಗೇ ಕೊಡಿ, ಇಲ್ಲವಾದರೆ ಬೇರೆಯವರನ್ನು ಇಡಿ. ನಾಲ್ಕು ಮನೆಯಿಂದ ಹಣ ತೆಗೆದುಕೊಳ್ಳುವುದಾದರೆ ಒಂದು ತಿಂಗಳು ಮೊದಲು ಬರೆದು ತಿಳಿಸಿ. ನಮ್ಮ ಮನೆಯಲ್ಲಿ ರೋಗಿ ಇದ್ದಾರೆ. ನಮಗೆ ಈ ಮನೆ ಬೇಕು. ಅದಕ್ಕಾಗಿ ಇದನ್ನು ಬರೆಯುತ್ತಿಲ್ಲ, ಆದರೆ ಬೇಕು.'

ಇದಕ್ಕೆ ಉತ್ತರ ಬರಹದಲ್ಲಿ ಬರಲಿಲ್ಲ. ಮೂರು ವಾರ ಕಳೆದು ಓನರು ರಜೆಯಲ್ಲಿ ಊರಿಗೆ ಬಂದವರು ನೇರ ಗೇಟಿಗೇ ಬಂದರು. ಐವತ್ತು ದಾಟಿದ, ದಪ್ಪಗಿನ ಮನುಷ್ಯ. ನಾನು ಹಿಂದಿನ ಬಾಗಿಲಿನಲ್ಲಿ ಮೋಟರು ಬಂದ್ ಮಾಡಲು ಕಾದು ನಿಂತಿದ್ದೆ. ಅವರು ಹತ್ತಿರ ಬಂದರು. ಸಜ್ಜದ ಮೇಲೆ ನೀರು ಬಿದ್ದ ಶಬ್ದ ಬಂತು. ನಾನು ಸ್ವಿಚ್ಚು ಒತ್ತುವ ಮೊದಲೇ ಅವರ ಕೈ ಸ್ವಿಚ್ಚಿನ ಮೇಲಿತ್ತು.

"ಅಮ್ಮನೂ ಹೀಗೇ ಕಾದು ನಿಲ್ತಿದ್ರು" ಅಂದರು.

ಒಳಗೆ ಬಂದು ಇವರ ಮಂಚದ ಬದಿ ಸ್ಟೂಲು ಎಳೆದು ಕೂತರು. ಇವರು ಏಳಲು ನೋಡಿದರು. "ಮಲಗಿ ಮಲಗಿ" ಅಂದರು. ಬೇರೆ ಮೂರು ಮನೆಯವರ ಆರುನೂರನ್ನು ವಾಪಸು ಹಾಕಿ ಆಗಿತ್ತು. ಮೂರು ತಿಂಗಳ ನಂತರ ಮನೆಗೆ ಮುನ್ನೂರರಂತೆ ತೆಗೆದುಕೊಳ್ಳುವುದು, ನಮ್ಮ ಮನೆಗೆ ಇಲ್ಲ, ಉಳಿದದ್ದನ್ನು ತಾನೇ ಹಾಕಿ ಸಂಬಳ ನನಗೆ ಕೊಡುವುದು ಅಂತ ಹೇಳಿ ಆ ಮೂರು ಮನೆಯವರಿಗೆ ಬರೆದು ಕಳಿಸಿದ್ದರಂತೆ. ಟೀಚರಮ್ಮ ಹಿಂದಿನ ದಿನ ಕೆಳಗೆ ಬಂದು, ನನ್ನ ಕೈ ಹಿಡಿದು ಹಾಗೇ ಮೇಲೆ ಹೋದದ್ದು ಅದನ್ನು ಓದಿಯೇ.

"ಭಾವ?" ಅಂತ ಇವರು ಕೇಳಿದರು. ನಾನು ಕೇಳುತ್ತಿರಲಿಲ್ಲ.

"ತಂಗಿ ಮನೆಗೆ ಹೋಗ್ಲಿಲ್ಲ ನಾನು ಈ ಸಲ" ಅಂದರು ಓನರು. ನಾನು ಚಾ ತಂದು ಇಟ್ಟೆ. ಕುಡಿದರು. ಒಬ್ಬ ತಂಗಿ ಅಣ್ಣನ ದಾರಿ ನೋಡಿ ಆ ದಿನ ಅಡುಗೆ ಮಾಡಿ ಇಟ್ಟಿರಬಹುದು. ನಾನು ಬರೆದದ್ದು ಸರಿಯೇ. ಅಡುಗೆ ತಣ್ಣಗಾದದ್ದೂ ನಾನು ಬರೆದದ್ದರಿಂದಲೇ.

ಆ ವಾರವೇ ಕೋರ್ಟಿನ ಬದಿಯ ಪತ್ರ ಬರೆಯುವವರ ಅಂಗಡಿಯಲ್ಲಿ ಹೊಸ ಎಗ್ರಿಮೆಂಟು ಆಯಿತು. ಮತ್ತೆ ಹನ್ನೊಂದು ತಿಂಗಳು, ಬಾಡಿಗೆ ಮೊದಲಿನಷ್ಟೇ. ಸಹಿ ಹಾಕುವ ಮೊದಲು ನಾನು ಒಂದು ಸಾಲು ಸೇರಿಸಲು ಹೇಳಿದೆ. ಯಾವುದೇ ಬದಲಾವಣೆ ಇದ್ದರೆ, ಮನೆ ಬಿಡುವುದಾದರೂ ಬಿಡಿಸುವುದಾದರೂ, ಎರಡು ಕಡೆಯವರೂ ಒಂದು ತಿಂಗಳು ಮೊದಲು ಬರೆದು ತಿಳಿಸಬೇಕು.

"ನಿಮಗೂ ಕಟ್ಟು ಬೀಳ್ತದೆ ಅಮ್ಮ ಇದು" ಅಂದರು ಪತ್ರ ಬರೆಯುವವರು.

"ಬೀಳ್ಲಿ" ಅಂದೆ.

ಆ ಎಗ್ರಿಮೆಂಟಿನ ಐದನೇ ತಿಂಗಳಿನಲ್ಲಿ ಇವರು ಹೋದರು. ಒಂದು ಬುಧವಾರ, ಆಸ್ಪತ್ರೆಗೆ ಹೊರಟು, ಶರಟಿನ ಒಂದು ಕೈ ಹಾಕಿ ಇನ್ನೊಂದು ಕೈ ಹಾಕುವ ಮೊದಲು. ರಿಕ್ಷಾ ಗೇಟಿನಲ್ಲಿ ನಿಂತಿತ್ತು. ಅದರ ಬಗ್ಗೆ ಹೆಚ್ಚು ಬರೆಯುವುದಿಲ್ಲ.

ಹದಿಮೂರನೇ ದಿನದ ಕೆಲಸ ಎಲ್ಲ ಮುಗಿದ ಮೇಲೆ ಮಗಳು ಕಡಬಕ್ಕೆ ಬಂದು ಇರು ಅಂದಳು. ಮೊಮ್ಮಗಳ ಪರೀಕ್ಷೆಯೂ ಆಗಿತ್ತು. ಮೆಟ್ಟಿಲಿಲ್ಲದ ಮನೆ ಇನ್ನು ನನಗೆ ಬೇಕಾಗಿರಲಿಲ್ಲ. ಮೊಮ್ಮಗಳನ್ನು ಕರೆದು ಮೂರನೇ ಸಲ ಓನರಿಗೆ ಬರೆಸಿದೆ. ಎರಡೇ ಸಾಲು. ನಮ್ಮವರು ತೀರಿಕೊಂಡರು. ಎಗ್ರಿಮೆಂಟಿನ ಪ್ರಕಾರ ಮನೆ ಬಿಡುವುದನ್ನು ಒಂದು ತಿಂಗಳು ಮೊದಲು ತಿಳಿಸುತ್ತಿದ್ದೇನೆ.

ಒಂದು ಗಂಟೆಯೊಳಗೆ ಉತ್ತರ ಬಂತು. 'ಅಮ್ಮ, ಒಂದು ತಿಂಗಳು ನೀವು ಕಾಯಬೇಕಾಗಿಲ್ಲ. ಯಾವಾಗ ಬೇಕಾದರೂ ಹೊರಡಿ. ಎಡ್ವಾನ್ಸ್ ಪೂರ್ತಿ ಕೊಡುತ್ತೇನೆ.'

"ನಾಳೆಯೇ ಹೋಗುವನಾ ಅಜ್ಜಿ?" ಅಂದಳು ಮೊಮ್ಮಗಳು.

"ಇಲ್ಲ. ಹೇಳಿದಷ್ಟು ದಿನ ಇರುದು."

ಹೊಟೇಲಿನಿಂದ ತಂದಿದ್ದ ಸಾಮಾನುಗಳ ಕಟ್ಟಿನಲ್ಲಿ ಆ ಕಪ್ಪು ಹಲಗೆ ಇತ್ತು. ಕೊನೆಯ ಸಲ ಇವರು ಬರೆದ ಚಾದ ರೇಟು ಅದರಲ್ಲಿ ಅರ್ಧ ಮಾಸಿ ಉಳಿದಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಅಂಗಡಿಯಿಂದ ಸೀಮೆಸುಣ್ಣ ತರಿಸಿದೆ. ನನ್ನ ಅಕ್ಷರ ದೊಡ್ಡದು, ಸಾಲು ಓರೆ. ಮೊಮ್ಮಗಳು ಬರೆದು ಕೊಡುತ್ತೇನೆ ಅಂದಳು, ಬೇಡ ಅಂದೆ. ಬರೆದು ಮೋಟರಿನ ಸ್ವಿಚ್ಚಿನ ಮೇಲೆ ಮೊಳೆಗೆ ನೇತು ಹಾಕಿದೆ.

'ಬರುವ ಒಂದನೇ ತಾರೀಕಿನಿಂದ ಮೋಟರು ಹಾಕಲು, ಗುಡಿಸಲು ನಾನು ಇಲ್ಲ. ಬೇರೆ ವ್ಯವಸ್ಥೆ ಮಾಡಿಕೊಳ್ಳಿ.'

ಟೀಚರಮ್ಮ ಅದನ್ನು ಓದಿ ಮರುದಿನ ಆರು ಗಂಟೆಗೆ ಇಳಿದು ಬಂದರು. ಹೇಗೆ ಮಾಡುವುದು ತೋರಿಸಿ ಅಂದರು. ಸ್ವಿಚ್ಚು ಹಾಕಿಸಿದೆ. ಆಮೇಲೆ ಇಬ್ಬರೂ ಹಿಂದಿನ ಬಾಗಿಲಿನಲ್ಲಿ ನಿಂತು, ಟಾಂಕಿ ತುಂಬಿ ನೀರು ಬೀಳುವ ಶಬ್ದಕ್ಕೆ ಕಾದೆವು.